ಹೆಚ್ಚಿದ ಸೇಬು ಕಪ್ಪಾಗುವುದೇಕೆ? ನಿಂಬೆರಸ ಮಾಡುವ ಕೆಲಸವೇನು?

ಸೇಬನ್ನು ಹೆಚ್ಚಿ ತಟ್ಟೆಯಲ್ಲಿಟ್ಟರೆ ಕೆಲವೇ ನಿಮಿಷಗಳಲ್ಲಿ ಅದರ ಬಿಳಿ ತಿರುಳು ಮಂಕಾಗತೊಡಗುತ್ತದೆ. ಮೊದಲು ನಸುಹಳದಿ, ಆಮೇಲೆ ತುಕ್ಕಿನ ಬಣ್ಣ, ಅರ್ಧ ಗಂಟೆ ಒಂದು ಗಂಟೆ ಕಳೆಯುವ ಹೊತ್ತಿಗೆ ಕಂದು. ಮನೆಮಾತಿನಲ್ಲಿ ಇದಕ್ಕೆ ಸೇಬು ಕಪ್ಪಾಯಿತು ಎನ್ನುತ್ತಾರೆ. ಬಣ್ಣಗೆಟ್ಟದ್ದನ್ನು ಕಂಡು ಹಣ್ಣೇ ಕೆಟ್ಟಿತೆಂದು ಎಸೆಯುವವರಿದ್ದಾರೆ. ಸೇಬಿನಲ್ಲಿ ಕಬ್ಬಿಣವಿದೆ, ಅದು ಗಾಳಿಗೆ ತುಕ್ಕು ಹಿಡಿಯುತ್ತದೆ ಎಂದು ಮಕ್ಕಳಿಗೆ ಹೇಳಿಕೊಡುವವರೂ ಇದ್ದಾರೆ. ಎರಡೂ ಸರಿಯಲ್ಲ. ಆಗತಾನೆ ಹೆಚ್ಚಿದ ಹೋಳಿನ ಬಣ್ಣ ತಿರುಗಿಸುವುದು ಕೊಳೆಸುವ ಸೂಕ್ಷ್ಮಜೀವಿಗಳಲ್ಲ. ಕಬ್ಬಿಣವೂ ಅಲ್ಲ; 100 ಗ್ರಾಂ ಸೇಬಿನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಬಣ್ಣ ಬರುವುದು ಸೇಬಿನೊಳಗೇ ಇರುವ ಎರಡು ವಸ್ತುಗಳು ಗಾಳಿಯ ಆಮ್ಲಜನಕದ ಎದುರು ಒಂದನ್ನೊಂದು ಸಂಧಿಸಿದಾಗ.

ಮೊದಲನೆಯದು ಫೀನಾಲ್ ಜಾತಿಯ ಸಂಯುಕ್ತಗಳು. ಸೇಬಿಗೆ ಸ್ವಲ್ಪ ಒಗರು ರುಚಿ ಬರುವುದು ಇವುಗಳಿಂದ. ಸೇಬಿನ ತಿರುಳಿನಲ್ಲಿ ಇವುಗಳ ಪೈಕಿ ಮುಖ್ಯವಾದದ್ದು ಕ್ಲೋರೋಜೆನಿಕ್ ಆಮ್ಲ. ಕಾಫಿ ಬೀಜದಲ್ಲಿ ಹೇರಳವಾಗಿ ಇರುವುದೂ ಇದೇ ವಸ್ತು. ಇದರ ಜೊತೆಗೆ ಚಹಾ ಎಲೆಯಲ್ಲಿರುವಂಥ ಕ್ಯಾಟೆಚಿನ್‌ಗಳೂ ಇರುತ್ತವೆ. ಇವೆಲ್ಲ ತಮ್ಮಷ್ಟಕ್ಕೆ ಬಣ್ಣವಿಲ್ಲದವು. ಎರಡನೆಯದು ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ. ಇದು ಒಂದು ಪ್ರೋಟೀನು. ಇದರ ನಡುವೆ ಎರಡು ತಾಮ್ರದ ಪರಮಾಣುಗಳು ಅಕ್ಕಪಕ್ಕದಲ್ಲಿ ಕುಳಿತಿರುತ್ತವೆ. ಗಾಳಿಯಿಂದ ಬಂದ ಆಮ್ಲಜನಕವನ್ನು ಹಿಡಿದು ಫೀನಾಲಿನ ಮೇಲೆ ಪ್ರಯೋಗಿಸುವುದು ಈ ತಾಮ್ರದ ಜೋಡಿ.

ಹಾಗಿದ್ದರೆ ಮರದಲ್ಲಿ ತೂಗುವ ಸೇಬು, ಅಂಗಡಿಯಲ್ಲಿ ವಾರಗಟ್ಟಲೆ ಕೂತ ಸೇಬು ಒಳಗೊಳಗೇ ಕಂದಾಗುವುದಿಲ್ಲ ಏಕೆ? ಫೀನಾಲೂ ಕಿಣ್ವವೂ ಒಂದೇ ಜೀವಕೋಶದಲ್ಲಿದ್ದರೂ ಬೇರೆ ಬೇರೆ ಕೋಣೆಗಳಲ್ಲಿವೆ ಎಂಬುದೇ ಉತ್ತರ. ಸೇಬಿನ ಜೀವಕೋಶದ ಬಹುಪಾಲು ಜಾಗವನ್ನು ರಸದಾನಿ ಎಂಬ ನೀರಿನ ಚೀಲ ತುಂಬಿಕೊಂಡಿರುತ್ತದೆ. ಫೀನಾಲುಗಳು ಈ ಚೀಲದೊಳಗೆ ಇರುತ್ತವೆ. ಕಿಣ್ವ ಇರುವುದು ಚೀಲದ ಆಚೆಗಿನ ಪ್ಲಾಸ್ಟಿಡ್ ಎಂಬ ಪುಟ್ಟ ಅಂಗಗಳಲ್ಲಿ. ಎರಡರ ನಡುವೆ ತೆಳುವಾದ ಪೊರೆಗಳು. ಹಾಲಿನ ಪಾತ್ರೆಯೂ ಹೆಪ್ಪಿನ ಬಟ್ಟಲೂ ಅಡುಗೆಮನೆಯ ಒಂದೇ ಕಟ್ಟೆಯ ಮೇಲಿದ್ದ ಹಾಗೆ ಇದು. ಎಲ್ಲಿಯವರೆಗೆ ಬೇರೆ ಬೇರೆ ಇರುತ್ತವೆಯೋ ಅಲ್ಲಿಯವರೆಗೆ ಹಾಲು ಹಾಲೇ, ಹೆಪ್ಪು ಹೆಪ್ಪೇ. ಚಾಕು ಹರಿದಾಡಿದಲ್ಲೆಲ್ಲ ಜೀವಕೋಶಗಳು ಸೀಳಿ, ಪೊರೆಗಳು ಒಡೆದು, ಎರಡೂ ಒಂದಾಗಿ ಹರಿಯುತ್ತವೆ. ಮೇಲಿನಿಂದ ಗಾಳಿ ತಾಗುತ್ತದೆ. ಅಲ್ಲಿಂದ ಕೆಲಸ ಶುರು. ಹೆಪ್ಪಿನ ಹೋಲಿಕೆ ಇನ್ನೊಂದು ರೀತಿಯಲ್ಲೂ ಒಪ್ಪುತ್ತದೆ: ಕಿಣ್ವ ಒಂದು ಫೀನಾಲ್ ಅಣುವನ್ನು ಬದಲಿಸಿ ತಾನು ಖರ್ಚಾಗದೆ ಮುಂದಿನದಕ್ಕೆ ಕೈ ಹಾಕುತ್ತದೆ. ಹೀಗಾಗಿ ಚೂರೇ ಚೂರು ಕಿಣ್ವ ಸಾಕು.

ಇಲ್ಲಿ ನಡೆಯುವುದನ್ನು ಎರಡು ಹಂತಗಳಾಗಿ ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ನಿಂಬೆರಸದ ಗುಟ್ಟು ಅಡಗಿರುವುದು ಈ ಎರಡು ಹಂತಗಳ ನಡುವಿನ ಸಂದಿನಲ್ಲಿ. ಮೊದಲ ಹಂತದಲ್ಲಿ ಕಿಣ್ವವು ಆಮ್ಲಜನಕದ ನೆರವಿನಿಂದ ಫೀನಾಲನ್ನು ಕ್ವಿನೋನ್ ಎಂಬ ವಸ್ತುವಾಗಿ ಮಾರ್ಪಡಿಸುತ್ತದೆ. ಕ್ವಿನೋನಿನ ಬಣ್ಣ ಹಳದಿಯ ಹತ್ತಿರದ್ದು. ಆರಂಭದ ನಸುಹಳದಿ ಇದರದ್ದೇ. ಕಿಣ್ವದ ಪಾಲಿನ ಕೆಲಸ ಇಷ್ಟಕ್ಕೆ ಮುಗಿಯಿತು. ಆದರೆ ಕ್ವಿನೋನ್ ಸುಮ್ಮನಿರುವ ವಸ್ತುವಲ್ಲ. ಅದು ಪಕ್ಕದ ಇನ್ನೊಂದು ಕ್ವಿನೋನಿಗೆ, ಫೀನಾಲಿಗೆ, ಅಮೈನೋ ಆಮ್ಲಕ್ಕೆ, ಪ್ರೋಟೀನಿಗೆ, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಕೊಂಡಿಗೆ ಕೊಂಡಿ ಸೇರಿ ದೊಡ್ಡ ದೊಡ್ಡ ಅಣುಗಳಾಗುತ್ತವೆ. ಇದು ಎರಡನೆಯ ಹಂತ. ಇದಕ್ಕೆ ಕಿಣ್ವದ ಹಂಗಿಲ್ಲ, ತಾನಾಗಿಯೇ ನಡೆಯುತ್ತದೆ. ಹೀಗೆ ಹೆಣೆದುಕೊಂಡ ದೊಡ್ಡ ಅಣುಗಳೇ ಕಣ್ಣಿಗೆ ಕಾಣುವ ಕಂದು ಬಣ್ಣ. ಮನುಷ್ಯರ ಕೂದಲು, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್‌ಗೆ ಇದು ದೂರದ ನೆಂಟ. ಕ್ವಿನೋನನ್ನು ಹಿಂದಕ್ಕೆ ಫೀನಾಲಾಗಿ ತಿರುಗಿಸಬಹುದು. ಒಮ್ಮೆ ಹೆಣೆದುಕೊಂಡ ಕಂದು ಅಣುವನ್ನು ಹಾಗೆ ಬಿಡಿಸಲಾಗದು.

ಸೇಬಿಗೆ ಇದರಿಂದ ಏನು ಲಾಭ? ಹುಳು ಕೊರೆದಾಗ, ಹಕ್ಕಿ ಕುಕ್ಕಿದಾಗ ಗಾಯದ ಬಾಯಲ್ಲಿ ಕ್ವಿನೋನುಗಳು ಹುಟ್ಟುತ್ತವೆ. ಅವು ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಗೆ ಹಿತವಲ್ಲ. ಎಲೆ ತಿನ್ನುವ ಹುಳುಗಳ ಬಾಯಲ್ಲಿ ಸಸ್ಯದ ಪ್ರೋಟೀನಿಗೆ ಅಂಟಿಕೊಂಡು ಅದು ಜೀರ್ಣವಾಗದಂತೆ ಮಾಡುತ್ತವೆ. ಹೆಣೆದುಕೊಂಡ ಕಂದು ವಸ್ತು ಗಾಯದ ಮೇಲೆ ಒಂದು ಪದರವಾಗಿ ನಿಲ್ಲುತ್ತದೆ. ಆದ್ದರಿಂದ ಹೋಳಿನ ಮೇಲಿನ ಕಂದನ್ನು ಕೊಳೆತದ ಗುರುತು ಎನ್ನುವುದಕ್ಕಿಂತ ಕೊಳೆಯದಂತೆ ಹಣ್ಣು ಮಾಡಿಕೊಂಡ ಏರ್ಪಾಡು ಎನ್ನುವುದು ಹೆಚ್ಚು ಸರಿ.

ಹೆಚ್ಚದೆ ಇದ್ದರೂ ಸೇಬು ಕಂದಾಗುವ ಸಂದರ್ಭವೊಂದಿದೆ. ಕೈಜಾರಿ ನೆಲಕ್ಕೆ ಬಿದ್ದ, ಪೆಟ್ಟಿಗೆಯಲ್ಲಿ ಒತ್ತಿಕೊಂಡ ಸೇಬನ್ನು ಕೊಯ್ದರೆ ಸಿಪ್ಪೆ ಹರಿಯದಿದ್ದರೂ ಅದರ ಅಡಿಯಲ್ಲಿ ಮೆತ್ತನೆಯ ಕಂದು ಕಲೆ ಕಾಣುತ್ತದೆ. ಒಳಗೆ ಗಾಳಿ ಎಲ್ಲಿಂದ ಬಂತು ಎಂದು ಕೇಳಬೇಕಾದ್ದೇ. ಸೇಬಿನ ತಿರುಳು ನೋಡಲು ಗಟ್ಟಿ, ಆದರೆ ಅದರ ಗಾತ್ರದ ಸುಮಾರು ಕಾಲು ಭಾಗ ಜೀವಕೋಶಗಳ ನಡುವಿನ ಗಾಳಿ. ಸೇಬು ನೀರಿನಲ್ಲಿ ತೇಲುವುದು ಇದೇ ಕಾರಣಕ್ಕೆ. ಪೆಟ್ಟಿನಿಂದ ಜೀವಕೋಶಗಳು ಒಡೆದರೆ ಬೇಕಾದ ಆಮ್ಲಜನಕ ಪಕ್ಕದಲ್ಲೇ ಸಿದ್ಧವಾಗಿರುತ್ತದೆ.

ಎಲ್ಲ ಸೇಬೂ ಒಂದೇ ವೇಗದಲ್ಲಿ ಕಂದಾಗುವುದಿಲ್ಲ. ಫೀನಾಲು ಎಷ್ಟಿದೆ, ಕಿಣ್ವ ಎಷ್ಟು ಚುರುಕು, ತಿರುಳು ಎಷ್ಟು ಹುಳಿ ಎಂಬುದರ ಮೇಲೆ ತಳಿಯಿಂದ ತಳಿಗೆ ವ್ಯತ್ಯಾಸವಾಗುತ್ತದೆ. ಕಾಶ್ಮೀರ, ಹಿಮಾಚಲದಿಂದ ಕರ್ನಾಟಕದ ಮಾರುಕಟ್ಟೆಗೆ ಬರುವ ಕೆಂಪು ಡೆಲಿಷಿಯಸ್ ಸಿಹಿಯಾದದ್ದು, ಹುಳಿ ಕಡಿಮೆ. ಅದು ಬೇಗ ಬಣ್ಣಗೆಡುತ್ತದೆ. ಹುಳಿ ಜಾಸ್ತಿಯಿರುವ ಹಸಿರು ಗ್ರಾನಿ ಸ್ಮಿತ್ ಸಾಮಾನ್ಯವಾಗಿ ಅದಕ್ಕಿಂತ ನಿಧಾನ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೆನಡಾದ ಒಕನಾಗನ್ ಸ್ಪೆಷಾಲಿಟಿ ಫ್ರೂಟ್ಸ್ ಕಂಪನಿಯು ಪಾಲಿಫೀನಾಲ್ ಆಕ್ಸಿಡೇಸ್ ತಯಾರಿಸುವ ವಂಶವಾಹಿಗಳನ್ನೇ ಅಡಗಿಸಿಟ್ಟು ಆರ್ಕ್ಟಿಕ್ ಎಂಬ ಹೆಸರಿನ ಸೇಬುಗಳನ್ನು ರೂಪಿಸಿತು. ಅಮೆರಿಕ, ಕೆನಡಾ ಎರಡೂ 2015ರಲ್ಲಿ ಅವಕ್ಕೆ ಒಪ್ಪಿಗೆ ಕೊಟ್ಟವು. ಫೀನಾಲು, ಗಾಳಿ, ಒಡೆದ ಕೋಶ ಎಲ್ಲ ಇದ್ದೂ ಕಿಣ್ವವೊಂದು ಇಲ್ಲವಾದರೆ ಸೇಬು ಬೆಳ್ಳಗೆ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಈಗ ನಿಂಬೆರಸದ ವಿಷಯ. ನಿಂಬೆಯಲ್ಲಿ ಈ ಕೆಲಸಕ್ಕೆ ಬರುವ ವಸ್ತುಗಳು ಎರಡು: ಸಿಟ್ರಿಕ್ ಆಮ್ಲ ಮತ್ತು ವಿಟಮಿನ್ ಸಿ. ಎರಡೂ ಹುಳಿಯೇ ಆದರೂ ಅವು ಮಾಡುವ ಕೆಲಸ ಒಂದೇ ಅಲ್ಲ. ಒಂದು ಕಿಣ್ವದ ಕೈ ಕಟ್ಟುತ್ತದೆ, ಇನ್ನೊಂದು ಕಿಣ್ವ ಮಾಡಿದ್ದನ್ನು ಅಳಿಸುತ್ತದೆ.

ಸಿಟ್ರಿಕ್ ಆಮ್ಲದ ಕೆಲಸ ಮೊದಲ ಹಂತದಲ್ಲೇ. ಯಾವುದೇ ಕಿಣ್ವ ಕೆಲಸ ಮಾಡುವುದು ಅದರ ಪ್ರೋಟೀನು ಸರಿಯಾದ ಆಕಾರದಲ್ಲಿ ಮಡಚಿಕೊಂಡಿದ್ದಾಗ, ಅದರ ಭಾಗಗಳ ವಿದ್ಯುದಂಶ ಸರಿಯಾಗಿದ್ದಾಗ. ಹುಳಿ ಹೆಚ್ಚಿದರೆ ಇವೆರಡೂ ಕೆಡುತ್ತವೆ. ಹುಳಿಯನ್ನು ಅಳೆಯುವ ಮಾಪಕಕ್ಕೆ ಪಿಎಚ್ ಎನ್ನುತ್ತಾರೆ. ಶುದ್ಧ ನೀರಿನದು 7. ಅಂಕಿ ಇಳಿದಷ್ಟೂ ಹುಳಿ ಏರುತ್ತದೆ, ಒಂದೊಂದು ಅಂಕಿ ಇಳಿದಾಗಲೂ ಹತ್ತು ಪಟ್ಟು. ಸೇಬಿನ ಕಿಣ್ವ ಚುರುಕಾಗಿರುವುದು ಪಿಎಚ್ 5, 6ರ ಆಸುಪಾಸಿನಲ್ಲಿ. ಸೇಬಿನ ರಸದ ಪಿಎಚ್ ಸಾಮಾನ್ಯವಾಗಿ 3.3ರಿಂದ 4ರೊಳಗೆ, ಅಲ್ಲಿ ಕಿಣ್ವ ಸ್ವಲ್ಪ ಕುಗ್ಗಿದ್ದರೂ ಕೆಲಸ ನಿಲ್ಲಿಸುವುದಿಲ್ಲ. 3ಕ್ಕಿಂತ ಕೆಳಗೆ ಇಳಿಸಿದರೆ ಅದು ಬಹುಮಟ್ಟಿಗೆ ಮಂಕಾಗುತ್ತದೆ. ನಿಂಬೆರಸದ ಪಿಎಚ್ 2ರಿಂದ 2.5. ಹೋಳಿನ ಮೈಗೆ ಅದನ್ನು ಸವರಿದಾಗ ಕತ್ತರಿಸಿದ ಮೇಲ್ಮೈಯ ಹುಳಿ ಒಮ್ಮೆಗೇ ಏರಿ ಕಿಣ್ವ ಸೋಲುತ್ತದೆ. ಸಿಟ್ರಿಕ್ ಆಮ್ಲಕ್ಕೆ ಲೋಹದ ಪರಮಾಣುಗಳನ್ನು ಹಿಡಿದುಕೊಳ್ಳುವ ಗುಣವೂ ಇದೆ, ಆದ್ದರಿಂದ ಕಿಣ್ವದ ತಾಮ್ರಕ್ಕೂ ಅದು ತೊಡಕು ತರುತ್ತದೆ. ಈ ಎರಡನೆಯ ಪರಿಣಾಮದ ಪಾಲು ಸಣ್ಣದು. ಹೆಚ್ಚಿನ ಕೆಲಸ ಹುಳಿಯದ್ದೇ.

ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ, ಕೆಲಸ ಮಾಡುವುದು ಎರಡು ಹಂತಗಳ ನಡುವಿನ ಆ ಸಂದಿನಲ್ಲಿ. ಕಿಣ್ವ ಒಂದು ಫೀನಾಲನ್ನು ಕ್ವಿನೋನ್ ಮಾಡಿದ ಕೂಡಲೇ ವಿಟಮಿನ್ ಸಿ ಅದನ್ನು ಹಿಡಿದು ಮತ್ತೆ ಬಣ್ಣವಿಲ್ಲದ ಫೀನಾಲಾಗಿ ತಿರುಗಿಸುತ್ತದೆ. ಕ್ವಿನೋನ್ ಉಳಿಯದಿದ್ದರೆ ಹೆಣೆದುಕೊಳ್ಳಲು ಏನೂ ಇರುವುದಿಲ್ಲ, ಕಂದು ಬಣ್ಣ ಬರುವುದಿಲ್ಲ. ಆದರೆ ಇದು ಪುಕ್ಕಟೆ ಆಗುವ ಕೆಲಸವಲ್ಲ. ಒಂದು ಕ್ವಿನೋನನ್ನು ತಿರುಗಿಸಲು ಒಂದು ವಿಟಮಿನ್ ಸಿ ಅಣು ಖರ್ಚಾಗುತ್ತದೆ. ಕಿಣ್ವವೋ ಖರ್ಚಾಗದೆ ದುಡಿಯುತ್ತಲೇ ಇರುತ್ತದೆ. ಹೀಗಾಗಿ ವಿಟಮಿನ್ ಸಿ ಇರುವಷ್ಟು ಹೊತ್ತು ಹೋಳು ಬೆಳ್ಳಗೆ. ಅದು ತೀರಿದ ಮೇಲೆ ಏನೂ ಹಚ್ಚದ ಹೋಳಿನಂತೆಯೇ ಕಂದಾಗತೊಡಗುತ್ತದೆ. ಹುಳಿ ಕಂದಾಗುವ ವೇಗವನ್ನು ತಗ್ಗಿಸುತ್ತದೆ, ವಿಟಮಿನ್ ಸಿ ಕಂದಾಗುವ ಗಳಿಗೆಯನ್ನು ಮುಂದೂಡುತ್ತದೆ.

ವಿಟಮಿನ್ ಸಿ ಎಂಬ ವಸ್ತುವೇ ಮನುಷ್ಯರ ಕೈಗೆ ಸಿಕ್ಕಿದ್ದು ಈ ಬಣ್ಣದ ಬೆನ್ನುಹತ್ತಿ ಹೋದದ್ದರಿಂದ ಎಂಬುದು ಹೆಚ್ಚು ಜನರಿಗೆ ಗೊತ್ತಿರುವ ಸಂಗತಿಯಲ್ಲ. 1920ರ ದಶಕದಲ್ಲಿ ಹಂಗೆರಿಯ ಆಲ್ಬರ್ಟ್ ಸೆಂಟ್-ಜಾರ್ಜಿ ನೆದರ್‌ಲ್ಯಾಂಡ್ಸಿನ ಗ್ರೋನಿಂಗೆನ್‌ನಲ್ಲಿದ್ದಾಗ ಆಲೂಗಡ್ಡೆಯಂಥ ಸಸ್ಯಭಾಗಗಳು ಗಾಯವಾದಾಗ ಏಕೆ ಕಂದಾಗುತ್ತವೆ ಎಂಬುದನ್ನು ಅಭ್ಯಾಸ ಮಾಡುತ್ತಿದ್ದರು. ಕೆಲವು ಸಸ್ಯಗಳು ಕಂದಾಗುತ್ತವೆ, ನಿಂಬೆಜಾತಿಯ ಹಣ್ಣುಗಳಂಥವು ಆಗುವುದಿಲ್ಲ. ಕಂದಾಗದ ಸಸ್ಯಗಳಲ್ಲಿ ಇರುವ ಇನ್ನೊಂದು ಕಿಣ್ವದಿಂದ ಅವರು ಬಣ್ಣ ಹುಟ್ಟಿಸುವ ಪರೀಕ್ಷೆ ಮಾಡಿದರು. ಶುದ್ಧ ಮಾಡಿದ ಕಿಣ್ವದ ಬದಲು ಆ ಸಸ್ಯದ ರಸವನ್ನೇ ಬಳಸಿದಾಗ ಬಣ್ಣ ಬರುವುದು ತುಸು ತಡವಾಗುತ್ತಿತ್ತು. ಆ ಚಿಕ್ಕ ತಡವನ್ನು ಅವರು ಅಲಕ್ಷಿಸಲಿಲ್ಲ. ರಸದಲ್ಲಿರುವ ಯಾವುದೋ ವಸ್ತು ಹುಟ್ಟಿದ ಬಣ್ಣವನ್ನು ಅಳಿಸುತ್ತಿದೆ, ತಾನು ತೀರುವ ತನಕ ಅಳಿಸುತ್ತಿದೆ ಎಂದು ತರ್ಕಿಸಿ ಅದನ್ನು ಹುಡುಕಿಕೊಂಡು ಹೊರಟರು. ಮುಂದೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಪ್ರಾಣಿಗಳ ಅಡ್ರಿನಲ್ ಗ್ರಂಥಿ, ಕಿತ್ತಳೆ, ಕೋಸುಗಳಿಂದ ಆ ವಸ್ತುವನ್ನು ಬೇರ್ಪಡಿಸಿ 1928ರಲ್ಲಿ ಪ್ರಕಟಿಸಿದರು. ಅದು ವಿಟಮಿನ್ ಸಿ ಎಂಬುದು 1932ರಲ್ಲಿ ಖಚಿತವಾಯಿತು. 1937ರಲ್ಲಿ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ಸೇಬಿನ ಹೋಳಿಗೆ ನಿಂಬೆ ಸವರಿದಾಗ ಕಾಣುವ ತಡಕ್ಕೂ ಅಂದು ಪರೀಕ್ಷಾನಳಿಕೆಯಲ್ಲಿ ಕಂಡ ತಡಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ.

ನಿಂಬೆರಸದ ಈ ಎರಡು ವಸ್ತುಗಳಲ್ಲಿ ಅಡುಗೆಮನೆಯಲ್ಲಿ ನಿಜವಾಗಿ ದುಡಿಯುವುದು ಯಾವುದು? ವಿಟಮಿನ್ ಸಿ ಎಂದು ಹಲವರು ಹೇಳುತ್ತಾರೆ. ಒಂದು ಸಣ್ಣ ಲೆಕ್ಕ ಹಾಕಿದರೆ ಉತ್ತರ ಬೇರೆಯೇ ಬರುತ್ತದೆ. ಕರ್ನಾಟಕದಲ್ಲಿ ನಿಂಬೆಹಣ್ಣು ಎಂದರೆ ತೆಳು ಸಿಪ್ಪೆಯ, ಉರುಟಾದ, ಹಳದಿಗೆ ತಿರುಗುವ ಸಣ್ಣ ಹಣ್ಣು. ಇದು ಪಾಶ್ಚಾತ್ಯರ ದಪ್ಪ ಸಿಪ್ಪೆಯ ಲೆಮನ್ ಅಲ್ಲ, ಅದರ ಹತ್ತಿರದ ಇನ್ನೊಂದು ಜಾತಿ. ಈ ನಿಂಬೆಯ 100 ಮಿಲಿಲೀಟರ್ ರಸದಲ್ಲಿ ಸಿಟ್ರಿಕ್ ಆಮ್ಲ ಸುಮಾರು 6 ಗ್ರಾಂ ಇದ್ದರೆ ವಿಟಮಿನ್ ಸಿ ಸುಮಾರು 30 ಮಿಲಿಗ್ರಾಂ ಮಾತ್ರ. ಲೆಮನ್‌ನಲ್ಲಿ ವಿಟಮಿನ್ ಸಿ ಇದಕ್ಕಿಂತ ಸ್ವಲ್ಪ ಹೆಚ್ಚು.

ಒಂದು ದೊಡ್ಡ ಲೋಟ, ಅಂದರೆ ಸುಮಾರು 250 ಮಿಲಿಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ನಿಂಬೆರಸ ಬೆರೆಸಿದರೆಂದು ಇಟ್ಟುಕೊಳ್ಳೋಣ. ಇಡೀ ಲೋಟಕ್ಕೆ ಸೇರಿದ ವಿಟಮಿನ್ ಸಿ ಐದು ಮಿಲಿಗ್ರಾಂ ಕೂಡ ಆಗುವುದಿಲ್ಲ. ಅದೂ ಇಷ್ಟು ನೀರಿನಲ್ಲಿ ಹರಡಿ ತೆಳುವಾಗಿ, ಹೋಳಿನ ಮೈಗೆ ಹತ್ತುವುದು ಲೆಕ್ಕಕ್ಕೇ ಬಾರದಷ್ಟು. ಆದರೆ ಹುಳಿಯ ಕಥೆ ಹಾಗಲ್ಲ. ಸಿಟ್ರಿಕ್ ಆಮ್ಲದಂಥ ದುರ್ಬಲ ಆಮ್ಲಕ್ಕೆ ನೀರು ಬೆರೆಸಿದಷ್ಟೂ ಅದರ ಹೆಚ್ಚು ಹೆಚ್ಚು ಅಣುಗಳು ಬಿಚ್ಚಿಕೊಂಡು ಹುಳಿಯನ್ನು ಬಿಟ್ಟುಕೊಡುತ್ತವೆ. ಹದಿನೇಳು ಹದಿನೆಂಟು ಪಟ್ಟು ತೆಳುವಾದರೂ ಆ ಲೋಟದ ಪಿಎಚ್ ಸುಮಾರು 2.5ರಲ್ಲೇ ನಿಲ್ಲುತ್ತದೆ, ಕಿಣ್ವ ಮಂಕಾಗುವ 3ರ ಗಡಿಗಿಂತ ಕೆಳಗೆ. ಹಾಗಾಗಿ ನಿಂಬೆನೀರಿನಲ್ಲಿ ಅದ್ದಿದ ಹೋಳನ್ನು ಕಾಪಾಡುವುದು ಬಹುಪಾಲು ಹುಳಿ. ನೀರು ಬೆರೆಸದ ರಸವನ್ನೇ ಹಚ್ಚಿದಾಗ ವಿಟಮಿನ್ ಸಿಯ ನೆರವು ಸ್ವಲ್ಪ ಹೆಚ್ಚುತ್ತದೆ, ಆದರೂ ಒಂದು ಸೇಬಿಗೆ ಸವರುವ ಒಂದು ಸಣ್ಣ ಚಮಚ ರಸದಲ್ಲಿ ಅದು ಒಂದೂವರೆ ಮಿಲಿಗ್ರಾಮಿನಷ್ಟೇ.

ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಒಂದೇ ಸೇಬಿನಿಂದ ಒಂದೇ ಗಾತ್ರದ ಐದು ಹೋಳು ಬೇಕು. ಬೇರೆ ಬೇರೆ ಸೇಬಿನ ಹೋಳುಗಳನ್ನು ಹೋಲಿಸಿದರೆ ತಳಿ ಮತ್ತು ಹಣ್ಣಿನ ವಯಸ್ಸಿನ ವ್ಯತ್ಯಾಸ ಲೆಕ್ಕ ತಪ್ಪಿಸುತ್ತದೆ. ಒಂದು ಹೋಳನ್ನು ಹಾಗೇ ಇಡಬೇಕು. ಎರಡನೆಯದನ್ನು ಬರಿಯ ನೀರಿನಲ್ಲಿ, ಮೂರನೆಯದನ್ನು ಮೇಲೆ ಹೇಳಿದ ನಿಂಬೆನೀರಿನಲ್ಲಿ, ನಾಲ್ಕನೆಯದನ್ನು ಅಷ್ಟೇ ನೀರಿಗೆ ಅಷ್ಟೇ ವಿನಿಗರ್ ಬೆರೆಸಿದ್ದರಲ್ಲಿ, ಐದನೆಯದನ್ನು ಔಷಧಿ ಅಂಗಡಿಯಲ್ಲಿ ಸಿಗುವ 500 ಮಿಲಿಗ್ರಾಮಿನ ಒಂದು ವಿಟಮಿನ್ ಸಿ ಮಾತ್ರೆಯನ್ನು ಪುಡಿಮಾಡಿ ಒಂದು ಲೋಟ ನೀರಿನಲ್ಲಿ ಕರಗಿಸಿದ್ದರಲ್ಲಿ ಮುಳುಗಿಸಬೇಕು. ಐದು ನಿಮಿಷದ ನಂತರ ತೆಗೆದು ಒರೆಸದೆ ತಟ್ಟೆಯಲ್ಲಿ ಸಾಲಾಗಿ ಇಟ್ಟು ಹದಿನೈದು ನಿಮಿಷಕ್ಕೊಮ್ಮೆ ನೋಡಬೇಕು.

ಹಾಗೇ ಇಟ್ಟದ್ದು ಎಲ್ಲಕ್ಕಿಂತ ಮೊದಲು ಬಣ್ಣಗೆಡುತ್ತದೆ. ಬರಿಯ ನೀರಿನಲ್ಲಿದ್ದದ್ದು ನೀರಿನೊಳಗೆ ಇರುವಷ್ಟು ಹೊತ್ತು ಬೆಳ್ಳಗಿದ್ದು, ಹೊರಬಂದ ಮೇಲೆ ಅದೇ ಹಾದಿ ಹಿಡಿಯುತ್ತದೆ. ನೀರು ಗಾಳಿಯನ್ನು ತಡೆದಿತ್ತು, ಒಡೆದ ಕೋಶಗಳ ಒಂದಿಷ್ಟು ರಸವನ್ನು ತೊಳೆದಿತ್ತು, ಅಷ್ಟೇ. ನಿಂಬೆನೀರಿನದು ಅದಕ್ಕಿಂತ ಬಹಳ ನಿಧಾನವಾಗಿ ಬಣ್ಣ ತಿರುಗುತ್ತದೆ. ವಿನಿಗರ್‌ನಲ್ಲಿ ವಿಟಮಿನ್ ಸಿ ಇಲ್ಲವೇ ಇಲ್ಲ, ಆದರೂ ಆ ಹೋಳು ಕೂಡ ನಿಧಾನಿಸುತ್ತದೆ. ಹುಳಿಯೊಂದೇ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದು ಅಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಬೆಳ್ಳಗಿರುವುದು ಮಾತ್ರೆಯ ನೀರಿನಲ್ಲಿ ಅದ್ದಿದ ಹೋಳು, ಏಕೆಂದರೆ ಆ ಲೋಟದಲ್ಲಿರುವ ವಿಟಮಿನ್ ಸಿ ನಿಂಬೆನೀರಿನಲ್ಲಿರುವುದಕ್ಕಿಂತ ನೂರು ಪಟ್ಟು. ಹೆಚ್ಚಿದ ಸೇಬನ್ನು ಪೊಟ್ಟಣದಲ್ಲಿ ಮಾರುವ ಕಾರ್ಖಾನೆಗಳು ನಿಂಬೆರಸ ಬಳಸದೆ ಕ್ಯಾಲ್ಸಿಯಂ ಆಸ್ಕಾರ್ಬೇಟ್ ಎಂಬ ವಿಟಮಿನ್ ಸಿಯ ಲವಣದಲ್ಲಿ ಹೋಳುಗಳನ್ನು ಅದ್ದುವುದು ಈ ಕಾರಣಕ್ಕೆ. ಅದರಲ್ಲಿ ಹುಳಿ ರುಚಿಯಿಲ್ಲ, ಜೊತೆಗೆ ಕ್ಯಾಲ್ಸಿಯಂ ಕೋಶಭಿತ್ತಿಯನ್ನು ಬಿಗಿಗೊಳಿಸಿ ಹೋಳು ಗರಿಗರಿಯಾಗಿ ಉಳಿಯುವಂತೆ ಮಾಡುತ್ತದೆ.

ನಿಂಬೆ ಹಚ್ಚಿದರೂ ಸೇಬು ಕಂದಾಯಿತು ಎಂಬ ದೂರು ಕೇಳಿಬಂದಾಗ ಸಾಮಾನ್ಯವಾಗಿ ಆಗಿರುವುದು ತಡ. ಇಡೀ ಸೇಬನ್ನು ಹೆಚ್ಚಿ ಮುಗಿಸಿ, ತಟ್ಟೆ ಜೋಡಿಸಿ, ಕೊನೆಗೆ ನಿಂಬೆ ಹಿಂಡಿದರೆ ಅಷ್ಟರಲ್ಲಿ ಕ್ವಿನೋನುಗಳು ಹೆಣೆದುಕೊಂಡಿರುತ್ತವೆ. ಆ ಬಣ್ಣವನ್ನು ನಿಂಬೆ ಹಿಂದಕ್ಕೆ ತರಲಾರದು, ಇನ್ನಷ್ಟು ಗಾಢವಾಗದಂತೆ ನೋಡಿಕೊಳ್ಳಬಲ್ಲದು ಅಷ್ಟೆ. ನಿಂಬೆನೀರನ್ನು ಮೊದಲೇ ಬೆರೆಸಿಟ್ಟುಕೊಂಡು, ಹೋಳು ಚಾಕುವಿನಿಂದ ನೇರ ಅದರೊಳಗೆ ಬೀಳುವಂತೆ ಹೆಚ್ಚುವುದು ಸರಿಯಾದ ಕ್ರಮ. ಇನ್ನೊಂದು ತಪ್ಪು, ಮೇಲಿನಿಂದ ನಾಲ್ಕು ಹನಿ ಹಿಂಡಿ ಬಿಡುವುದು. ಹನಿ ಬಿದ್ದಲ್ಲಿ ಬಿಳಿ, ಬೀಳದಲ್ಲಿ ಕಂದು ಚುಕ್ಕೆ ಬಂದರೆ ರಸ ಎಲ್ಲೆಡೆ ತಾಗಿಲ್ಲವೆಂದೇ ಅರ್ಥ. ಇಡೀ ಹೋಳು ಸಮನಾಗಿ ನಿಧಾನಕ್ಕೆ ಬಣ್ಣಗೆಟ್ಟರೆ ರಸ ತಾಗಿದೆ, ಆದರೆ ಹೊತ್ತು ಮೀರಿದೆ. ಮೇಲ್ಮೈಯ ಹುಳಿ ಕ್ರಮೇಣ ತಿರುಳಿನ ಒಳಕ್ಕೆ ಇಳಿದು ತೆಳುವಾಗುತ್ತದೆ, ಇದ್ದ ಚೂರು ವಿಟಮಿನ್ ಸಿ ತೀರುತ್ತದೆ. ನಿಂಬೆಯ ರಕ್ಷಣೆ ಕೆಲವು ಗಂಟೆಗಳದ್ದು, ದಿನಗಳದ್ದಲ್ಲ.

ಚಾಕುವಿನ ಪಾತ್ರವೂ ಚಿಕ್ಕದಲ್ಲ. ಮೊಂಡು ಚಾಕು ಕೋಶಗಳನ್ನು ಕತ್ತರಿಸುವುದಕ್ಕಿಂತ ಜಜ್ಜುತ್ತದೆ. ಒಡೆದ ಕೋಶಗಳು ಹೆಚ್ಚಿದಷ್ಟೂ ಕಂದು ಗಾಢ. ಕಬ್ಬಿಣದ ಈಳಿಗೆಮಣೆಯಲ್ಲಿ ಹೆಚ್ಚಿದ ಬಾಳೆಕಾಯಿ, ಬದನೆಕಾಯಿಯ ಮೇಲೆ ಕಾಣುವ ನೀಲಿಗಪ್ಪು ಛಾಯೆಗೆ ಮಾತ್ರ ಕಾರಣ ಬೇರೆ. ಅಲ್ಲಿ ಕಬ್ಬಿಣವೇ ಫೀನಾಲುಗಳ ಜೊತೆ ಕೂಡಿ ಹಳೆಯ ಕಾಲದ ಶಾಯಿಯಂಥ ವಸ್ತುವಾಗಿರುತ್ತದೆ. ಸ್ಟೀಲಿನ ಚಾಕುವಿನಲ್ಲಿ ಆ ತೊಂದರೆಯಿಲ್ಲ.

ಬಾಳೆದಿಂಡು, ಬಾಳೆಹೂವುಗಳನ್ನು ಹೆಚ್ಚಿದ ಕೂಡಲೇ ಮಜ್ಜಿಗೆ ಬೆರೆಸಿದ ನೀರಿಗೆ ಹಾಕುವ ಪದ್ಧತಿ ಕರ್ನಾಟಕದ ಮನೆಗಳಲ್ಲಿದೆ. ಅವು ಕಪ್ಪಾಗುವುದೂ ಇದೇ ಕಿಣ್ವದಿಂದ. ನೀರು ಗಾಳಿಯನ್ನು ತಡೆಯುತ್ತದೆ, ಮಜ್ಜಿಗೆಯ ಲ್ಯಾಕ್ಟಿಕ್ ಆಮ್ಲ ಹುಳಿ ಏರಿಸುತ್ತದೆ. ಸೇಬಿಗೆ ನಿಂಬೆ ಹೇಗೋ ದಿಂಡಿಗೆ ಮಜ್ಜಿಗೆ ಹಾಗೆ. ನಿಂಬೆಗಿಂತ ಮಜ್ಜಿಗೆಯ ಹುಳಿ ಸೌಮ್ಯವಾದ್ದರಿಂದ ಹೆಚ್ಚಿದ್ದನ್ನು ಅದರಲ್ಲಿ ಮುಳುಗಿಸಿಯೇ ಇಡಬೇಕಾಗುತ್ತದೆ.

ಹುಳಿ ಬೇಡವೆನ್ನುವವರಿಗೆ ಉಪ್ಪುನೀರಿದೆ. ಒಂದು ಲೋಟ ನೀರಿಗೆ ಅರ್ಧ ಸಣ್ಣ ಚಮಚ ಉಪ್ಪು ಹಾಕಿ ಐದು ನಿಮಿಷ ನೆನೆಸಿ, ಆಮೇಲೆ ಬೇರೆ ನೀರಿನಲ್ಲಿ ಒಮ್ಮೆ ಜಾಲಿಸಿದರೆ ಸಾಕು. ಉಪ್ಪಿನ ಕ್ಲೋರೈಡ್ ಕಿಣ್ವಕ್ಕೆ ಅಡ್ಡಿ ಮಾಡುತ್ತದೆ. ಜಪಾನಿನ ಮನೆಗಳಲ್ಲಿ ಸೇಬಿಗೆ ಹೀಗೆ ಮಾಡುವುದು ವಾಡಿಕೆ. ಫ್ರಿಜ್ಜಿನ ತಣ್ಣಗೆ ಎಲ್ಲ ಹಂತಗಳನ್ನೂ ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಪೂರ್ತಿ ನಿಲ್ಲಿಸುವುದು ಬಿಸಿ. ಕುದಿಯುವ ನೀರಿನಲ್ಲಿ ಹೋಳುಗಳನ್ನು ಕೆಲವು ನಿಮಿಷ ಬಿಟ್ಟರೆ ಕಿಣ್ವದ ಪ್ರೋಟೀನು ಬೆಂದ ಮೊಟ್ಟೆಯಂತೆ ಕೆಟ್ಟು ಮತ್ತೆ ಸರಿಯಾಗದು, ಆದರೆ ಸೇಬೂ ಬೆಂದು ಮೆತ್ತಗಾಗುತ್ತದೆ. ಹಲ್ವ, ಜಾಮ್ ಮಾಡುವವರಿಗೆ ಅದು ಸರಿ, ಹಸಿಯಾಗಿ ತಿನ್ನುವವರಿಗಲ್ಲ.

ಮಿಕ್ಸಿಯಲ್ಲಿ ಸೇಬಿನ ರಸ ತೆಗೆಯುವಾಗ ಕಂದು ಬಣ್ಣ ಎಲ್ಲಕ್ಕಿಂತ ವೇಗ. ಅಲ್ಲಿ ಮೇಲ್ಮೈಯ ಕೋಶಗಳಷ್ಟೇ ಅಲ್ಲ, ಹೆಚ್ಚುಕಡಿಮೆ ಎಲ್ಲ ಕೋಶಗಳೂ ಒಡೆಯುತ್ತವೆ. ಬ್ಲೇಡು ಗಾಳಿಯನ್ನೂ ಒಳಗೆಳೆದು ಬೆರೆಸುತ್ತದೆ. ರುಬ್ಬಿದ ಮೇಲೆ ನಿಂಬೆ ಹಿಂಡುವುದರಿಂದ ಪ್ರಯೋಜನ ಕಡಿಮೆ. ಜಾರಿಗೆ ಮೊದಲು ನಿಂಬೆರಸ ಹಾಕಿ ಅದರ ಮೇಲೆ ಸೇಬಿನ ಹೋಳು ಹಾಕಬೇಕು. ಹಾಲು ಹಾಕಿ ಮಿಲ್ಕ್‌ಶೇಕ್ ಮಾಡುವಾಗ ಈ ಉಪಾಯ ಸಲ್ಲದು, ಹಾಲು ಒಡೆಯುತ್ತದೆ. ಅದನ್ನು ಮಾಡಿದ ಕೂಡಲೇ ಕುಡಿಯುವುದೊಂದೇ ದಾರಿ.

ಕಂದಾದ ಸೇಬಿನಲ್ಲಿ ಫೀನಾಲುಗಳ ಒಂದು ಪಾಲು, ಇದ್ದ ಅಲ್ಪ ವಿಟಮಿನ್ ಸಿಯ ಒಂದು ಪಾಲು ನಷ್ಟವಾಗಿರುತ್ತದೆ, ರುಚಿ ತುಸು ಮಂಕಾಗಿರುತ್ತದೆ. ನಾರು, ಸಕ್ಕರೆ, ಉಳಿದ ಸತ್ವ ಹಾಗೇ ಇರುತ್ತವೆ. ಒಂದೆರಡು ಗಂಟೆ ಹೊರಗಿದ್ದು ಕಂದಾದ ಹೋಳನ್ನು ಎಸೆಯಬೇಕಿಲ್ಲ, ತಿನ್ನಬಹುದು. ನಿಂಬೆ ಕಾಯುವುದು ಹೋಳಿನ ಬಣ್ಣವನ್ನು ಎಂಬುದು ಮಾತ್ರ ನೆನಪಿರಲಿ. ಹೋಳಿನ ಮೈ ಲೋಳೆಯಾಗಿದ್ದರೆ, ಹುದುಗಿದ ವಾಸನೆ ಬಂದಿದ್ದರೆ, ಅದು ಎಷ್ಟೇ ಬೆಳ್ಳಗಿದ್ದರೂ ತಿನ್ನಬಾರದು.